ಜರ್ಮನಿಯಲ್ಲಿ ನಾಲ್ಕು ವರ್ಷ, ಬೆಂಗಳೂರಿನಲ್ಲಿ ಏಳು ವರ್ಷ: ಪಿಂಚಣಿ ಅವಧಿಗಳನ್ನು ಒಟ್ಟುಗೂಡಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಕಂಪನಿಯೊಂದರ ಪಿ.ಎಫ್. ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ಹಾಸನದಲ್ಲಿ ನೆಲೆಸಿದ್ದೇನೆ. ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಮಕ್ಕಳು ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಜರ್ಮನಿಗೆ ಹೋಗಿ, ತೋಟಕ್ಕಾಗಿಯೋ ವಯಸ್ಸಾದ ತಂದೆತಾಯಿಗಾಗಿಯೋ ಊರಿಗೆ ಮರಳುವುದು ಈಚೆಗೆ ಹೆಚ್ಚಾಗಿದೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಎರಡು ದೇಶಗಳ ಪಿಂಚಣಿ ಅವಧಿಗಳನ್ನು ಒಟ್ಟುಗೂಡಿಸುವ ಒಪ್ಪಂದಗಳು ಹಲವು ದೇಶಗಳೊಡನೆ ಭಾರತಕ್ಕಿದ್ದರೂ ಇಲ್ಲಿ ಜರ್ಮನಿಯದನ್ನು ಮಾತ್ರ ತೆಗೆದುಕೊಂಡಿದ್ದೇನೆ. ಜರ್ಮನಿಯಲ್ಲಿ ಐದು ವರ್ಷ ತುಂಬುವ ಮೊದಲೇ ಹಿಂದಿರುಗಿದವರಿಗೆ ಇದು ಹೆಚ್ಚು ಉಪಯೋಗವಾಗುತ್ತದೆ. ತಪ್ಪು ನಿರ್ಧಾರಗಳು ಹೆಚ್ಚಾಗಿ ಆಗುವುದು ಅವರಿಂದಲೇ.

ಅವಧಿ ಒಟ್ಟುಗೂಡಿಸುವುದು ಎಂದರೆ ಏನು? ಎರಡೂ ದೇಶಗಳ ಹಣ ಒಂದೇ ಕಡೆ ಸೇರುತ್ತದೆಯೇ?

ಇಲ್ಲ. ಒಂದು ರೂಪಾಯಿಯೂ ಇಲ್ಲಿಂದ ಅಲ್ಲಿಗೆ ಹೋಗುವುದಿಲ್ಲ, ಒಂದು ಯೂರೋ ಕೂಡ ಅಲ್ಲಿಂದ ಇಲ್ಲಿಗೆ ಬರುವುದಿಲ್ಲ. ಸೇರುವುದು ತಿಂಗಳುಗಳ ಲೆಕ್ಕ ಮಾತ್ರ.

ಜರ್ಮನಿಯಲ್ಲಿ ವೃದ್ಧಾಪ್ಯ ಪಿಂಚಣಿಗೆ ಅರ್ಹರಾಗಲು ಕನಿಷ್ಠ 60 ತಿಂಗಳ ಅವಧಿ ಬೇಕು. ಭಾರತದಲ್ಲಿ ನೌಕರರ ಪಿಂಚಣಿ ಯೋಜನೆಯಡಿ, ಅಂದರೆ ಇಪಿಎಸ್ ಅಡಿ, ತಿಂಗಳ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಅಲ್ಲಿ 48 ತಿಂಗಳು, ಇಲ್ಲಿ 7 ವರ್ಷ ದುಡಿದವರು ಒಪ್ಪಂದ ಇಲ್ಲದಿದ್ದರೆ ಎರಡೂ ಹೊಸ್ತಿಲುಗಳ ಹೊರಗೇ ನಿಲ್ಲುತ್ತಾರೆ. ಹನ್ನೊಂದು ವರ್ಷ ಬಿಡದೆ ವಂತಿಗೆ ಕಟ್ಟಿಯೂ ಎಲ್ಲಿಯೂ ಪಿಂಚಣಿ ಇಲ್ಲ. ಈ ಅನ್ಯಾಯವನ್ನು ಸರಿಪಡಿಸುವುದೇ ಒಪ್ಪಂದದ ಕೆಲಸ. ಹೊಸ್ತಿಲು ದಾಟಲು ತಿಂಗಳುಗಳು ಸಾಲದಿದ್ದರೆ ಇನ್ನೊಂದು ದೇಶದ ತಿಂಗಳುಗಳನ್ನು ಸೇರಿಸಿ ಎಣಿಸಬೇಕು ಎಂದು ಅದು ಹೇಳುತ್ತದೆ. ಹೊಸ್ತಿಲು ದಾಟಿದ ಮೇಲೆ ಆಯಾ ದೇಶ ತನ್ನಲ್ಲಿ ಕಟ್ಟಿದ ಅವಧಿಗೆ ಮಾತ್ರ ಹಣ ಕೊಡುತ್ತದೆ. ಹೀಗಾಗಿ ಎರಡು ದೇಶಗಳಿಂದ ಎರಡು ಸಣ್ಣ ಪಿಂಚಣಿಗಳು ಬರುತ್ತವೆ.

ಒಂದೇ ತಿಂಗಳು ಎರಡೂ ಕಡೆ ದಾಖಲಾಗಿದ್ದರೆ ಅದನ್ನು ಒಮ್ಮೆ ಮಾತ್ರ ಎಣಿಸುತ್ತಾರೆ.

ಈ ಒಪ್ಪಂದ ಯಾವಾಗಿನದು? ಅದಕ್ಕೂ ಮೊದಲಿನ ನನ್ನ ನೌಕರಿ ಲೆಕ್ಕಕ್ಕೆ ಬರುತ್ತದೆಯೇ?

ಭಾರತ ಮತ್ತು ಜರ್ಮನಿಯ ಸಮಗ್ರ ಸಾಮಾಜಿಕ ಭದ್ರತಾ ಒಪ್ಪಂದಕ್ಕೆ 2011ರ ಅಕ್ಟೋಬರ್ 12ರಂದು ಸಹಿ ಬಿತ್ತು. ಅದು ಜಾರಿಗೆ ಬಂದದ್ದು 2017ರ ಮೇ 1ರಂದು. 2009ರಿಂದಲೇ ಒಂದು ಹಳೆಯ ಒಪ್ಪಂದ ಇತ್ತಾದರೂ ಅದು ಕಂಪನಿ ಕಳುಹಿಸಿದ ನೌಕರರು ಎರಡೂ ಕಡೆ ವಂತಿಗೆ ಕಟ್ಟುವುದನ್ನು ತಪ್ಪಿಸುವುದಕ್ಕೆ ಸೀಮಿತವಾಗಿತ್ತು. ಹಳೆಯದನ್ನು ಓದಿದವರು ಇಂದಿಗೂ "ಜರ್ಮನಿಯ ಒಪ್ಪಂದದಲ್ಲಿ ಪಿಂಚಣಿ ಇಲ್ಲ" ಎಂದು ಹೇಳುವುದನ್ನು ಕೇಳಿದ್ದೇನೆ. ಆ ಮಾತು 2017ಕ್ಕೇ ಹಳತಾಯಿತು.

ಮೇ 2017ಕ್ಕಿಂತ ಮುಂಚಿನ ಅವಧಿಗಳೂ ಎಣಿಕೆಗೆ ಬರುತ್ತವೆ. ಒಪ್ಪಂದದ ಬಲದಿಂದ ಸಿಗುವ ಪಿಂಚಣಿಯನ್ನು ಮಾತ್ರ ಆ ದಿನಾಂಕಕ್ಕಿಂತ ಹಿಂದಿನ ತಿಂಗಳುಗಳಿಗೆ ಕೊಡುವುದಿಲ್ಲ.

ಒಂದು ನಿಜವಾದ ಲೆಕ್ಕ ತೋರಿಸಬಹುದೇ?

ನನ್ನ ಚಿಕ್ಕಮ್ಮನ ಮಗಳ ಲೆಕ್ಕವನ್ನೇ ಅವಳ ಒಪ್ಪಿಗೆ ಪಡೆದು ಇಲ್ಲಿ ಇಡುತ್ತೇನೆ. ಸಂಬಳವನ್ನು ಮಾತ್ರ ದುಂಡು ಸಂಖ್ಯೆ ಮಾಡಿದ್ದೇನೆ.

ಹುಟ್ಟಿದ್ದು 1987ರ ಫೆಬ್ರವರಿಯಲ್ಲಿ, ಸಕಲೇಶಪುರದ ಹತ್ತಿರ. 2010ರ ಅಕ್ಟೋಬರ್‌ನಿಂದ 2017ರ ಸೆಪ್ಟೆಂಬರ್ ಕೊನೆಯವರೆಗೆ ಬೆಂಗಳೂರಿನಲ್ಲಿ ಕೆಲಸ, ಅಂದರೆ ಸರಿಯಾಗಿ 84 ತಿಂಗಳು. 2018ರ ಜನವರಿಯಿಂದ 2021ರ ಡಿಸೆಂಬರ್‌ವರೆಗೆ ಜರ್ಮನಿಯಲ್ಲಿ ಅಲ್ಲಿಯದೇ ಕಂಪನಿಯಲ್ಲಿ ನೌಕರಿ, 48 ತಿಂಗಳು. ಚಿಕ್ಕಪ್ಪನಿಗೆ ಕಾಯಿಲೆಯಾದ ಮೇಲೆ ಮರಳಿ ಬಂದು ಈಗ ಕಾಫಿ ತೋಟ ನೋಡಿಕೊಳ್ಳುತ್ತಿದ್ದಾಳೆ.

ಜರ್ಮನಿಯ ಹೊಸ್ತಿಲು 60 ತಿಂಗಳು. ಅವಳ 48ಕ್ಕೆ ಬೆಂಗಳೂರಿನ 84 ಸೇರಿದರೆ 132. ನಿಜವಾಗಿ ಅವಳಿಗೆ ಬೇಕಾಗಿದ್ದದ್ದು ಬೆಂಗಳೂರಿನ 12 ತಿಂಗಳು ಮಾತ್ರ. ಭಾರತದ ಹೊಸ್ತಿಲು 10 ವರ್ಷ. 7ಕ್ಕೆ ಜರ್ಮನಿಯ 4 ಸೇರಿದರೆ 11. ಎರಡೂ ಕಡೆ ಬಾಗಿಲು ತೆರೆಯಿತು. ಇನ್ನು ಹಣದ ಮಾತು.

ಜರ್ಮನಿಯಲ್ಲಿ ಪಿಂಚಣಿಯನ್ನು ಅಂಕಗಳಲ್ಲಿ ಲೆಕ್ಕ ಹಾಕುತ್ತಾರೆ. ಒಂದು ವರ್ಷ ಇಡೀ ದೇಶದ ಸರಾಸರಿ ಸಂಬಳದಷ್ಟೇ ದುಡಿದರೆ ಒಂದು ಅಂಕ. ಹೆಚ್ಚು ದುಡಿದರೆ ಅದೇ ಪ್ರಮಾಣದಲ್ಲಿ ಹೆಚ್ಚು, ಒಂದು ಗರಿಷ್ಠ ಮಿತಿಯವರೆಗೆ. ಅವಳ ಸಂಬಳ ತಿಂಗಳಿಗೆ 3,900 ಯೂರೋ, ವರ್ಷಕ್ಕೆ 46,800. 2018ರ ಸರಾಸರಿ 38,212 ಯೂರೋ ಇದ್ದುದರಿಂದ ಆ ವರ್ಷ ಅವಳಿಗೆ 1.22 ಅಂಕ ಬಂತು. ಹೀಗೆ ನಾಲ್ಕು ವರ್ಷಕ್ಕೆ ಒಟ್ಟು ಸುಮಾರು 4.77 ಅಂಕ. 2025ರ ಜುಲೈ 1ರಿಂದ ಒಂದು ಅಂಕಕ್ಕೆ ತಿಂಗಳಿಗೆ 40.79 ಯೂರೋ ನಿಗದಿಯಾಯಿತು. ಗುಣಿಸಿದರೆ ತಿಂಗಳಿಗೆ ಸುಮಾರು 194 ಯೂರೋ. ಯೂರೋಗೆ 100 ರೂಪಾಯಿ ಎಂದು ಹಿಡಿದರೆ 19,400 ರೂಪಾಯಿ. ಬೆಂಗಳೂರಿನ ವರ್ಷಗಳು ಈ ಮೊತ್ತವನ್ನು ಹೆಚ್ಚಿಸಲೂ ಇಲ್ಲ, ತಗ್ಗಿಸಲೂ ಇಲ್ಲ. ಬಾಗಿಲು ತೆರೆದು ಅವು ಪಕ್ಕಕ್ಕೆ ಸರಿದವು.

ಭಾರತದ ಕಡೆ ಇಪಿಎಸ್ ಸೂತ್ರ ಸರಳ: ಪಿಂಚಣಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ನಿಜ ಸಂಬಳ ಎಷ್ಟೇ ಇರಲಿ, ಸಾಮಾನ್ಯವಾಗಿ 2014ರ ಆಗಸ್ಟ್‌ವರೆಗಿನ ಸೇವೆಗೆ ಮಿತಿ 6,500 ರೂಪಾಯಿ, ಆ ನಂತರದ ಸೇವೆಗೆ 15,000. ಅವಳ ಮೊದಲ 47 ತಿಂಗಳು ಹಳೆಯ ಮಿತಿಯವು, ಉಳಿದ 37 ತಿಂಗಳು ಹೊಸ ಮಿತಿಯವು. ಕೂಡಿದರೆ ತಿಂಗಳಿಗೆ ಒಂದು ಸಾವಿರ ರೂಪಾಯಿಗಿಂತ ತುಸು ಹೆಚ್ಚು. ಅಷ್ಟೇ.

ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬೆಂಗಳೂರಿನ ಏಳು ವರ್ಷಗಳ ನಿಜವಾದ ಬೆಲೆ ಆ ಸಾವಿರ ರೂಪಾಯಿಯಲ್ಲಿ ಇಲ್ಲ. ಜರ್ಮನಿಯ ಹತ್ತೊಂಬತ್ತು ಸಾವಿರದ ಬಾಗಿಲನ್ನು ತೆರೆಯುವ ಕೀಲಿ ಅದು. ಇಪಿಎಸ್ ಹಣ ಚಿಲ್ಲರೆ ಎಂದು ಅದನ್ನು ಬಿಡಿಸಿಕೊಂಡುಬಿಟ್ಟವರು ಕೀಲಿಯನ್ನೇ ಮಾರಿಕೊಂಡಂತಾಗುತ್ತದೆ.

ಜರ್ಮನಿಗೆ ಹೊರಡುವಾಗ ಪಿ.ಎಫ್. ಹಣ ಪೂರ್ತಿ ತೆಗೆದುಬಿಟ್ಟೆ. ಈಗ ಏನು ಗತಿ?

ಏನನ್ನು ತೆಗೆದಿರಿ ಎಂಬುದನ್ನು ಮೊದಲು ಸರಿಯಾಗಿ ನೋಡಿ. ನಿಮ್ಮ ಖಾತೆಯಲ್ಲಿ ಎರಡು ಪಾತ್ರೆಗಳಿವೆ. ಒಂದು ಭವಿಷ್ಯ ನಿಧಿ. ಅದನ್ನು ನಮೂನೆ 19ರಲ್ಲಿ ಪಡೆಯುತ್ತಾರೆ. ಅದು ನಿಮ್ಮ ಉಳಿತಾಯದ ಹಣ, ಅದನ್ನು ತೆಗೆದರೂ ಪಿಂಚಣಿ ಸೇವೆ ಅಳಿಸಿಹೋಗುವುದಿಲ್ಲ. ಇನ್ನೊಂದು ಪಿಂಚಣಿ. ಉದ್ಯೋಗದಾತರ ಪಾಲಿನಿಂದ ಸಂಬಳದ ಶೇಕಡಾ 8.33 ಭಾಗ, ಈಗಿನ ಮಿತಿಯಲ್ಲಿ ತಿಂಗಳಿಗೆ ಗರಿಷ್ಠ 1,250 ರೂಪಾಯಿ, ಅಲ್ಲಿಗೆ ಹೋಗುತ್ತದೆ. ಅದಕ್ಕೆ ನಮೂನೆ 10ಸಿ. ಹತ್ತು ವರ್ಷ ತುಂಬದವರು 10ಸಿ ಮೂಲಕ ಒಂದೇ ಗಂಟಾಗಿ ಹಣ ಪಡೆದರೆ ಆ ಸೇವೆ ಅಲ್ಲಿಗೆ ಮುಗಿಯಿತು.

ಹಲವರಿಗೆ ಗೊತ್ತಿಲ್ಲದ ಸಂಗತಿ ಎಂದರೆ, ಅದೇ 10ಸಿ ನಮೂನೆಯಲ್ಲಿ ಹಣದ ಬದಲು ಯೋಜನಾ ಪ್ರಮಾಣಪತ್ರ ಕೇಳಬಹುದು. ಅದು ನಿಮ್ಮ ಸೇವೆಯನ್ನು ಹಾಗೆಯೇ ಕಾಯ್ದಿಡುತ್ತದೆ. ಕೆಲಸ ಬಿಡುವಾಗ "ಎಲ್ಲ ಕ್ಲೇಮುಗಳನ್ನೂ ಒಟ್ಟಿಗೆ ಹಾಕಿ ಮುಗಿಸಿಬಿಡಿ" ಎಂದು ಕಂಪನಿಯವರು ಸಲಹೆ ಕೊಡುವುದು ವಾಡಿಕೆ. ನಾನೂ ಆ ಕುರ್ಚಿಯಲ್ಲಿ ಕುಳಿತಿದ್ದವನು, ಆ ಸಲಹೆಯನ್ನು ಕೊಟ್ಟವರಲ್ಲಿ ನಾನೂ ಒಬ್ಬ. ಆಗ ಹೊರದೇಶಕ್ಕೆ ಹೊರಟವರಿಗೆ ಇದರಿಂದ ಏನು ತಪ್ಪಿಹೋಗುತ್ತದೆ ಎಂದು ತಿಳಿದಿರಲಿಲ್ಲ. ಆ ಬೇಸರವೇ ಇಷ್ಟು ಬರೆಯಲು ಕಾರಣ.

ಯಾವುದನ್ನು ತೆಗೆದಿರಿ ಎಂದು ನೆನಪಿಲ್ಲದಿದ್ದರೆ ಯುಎಎನ್ ಸಂಖ್ಯೆಯಿಂದ ಲಾಗಿನ್ ಆಗಿ ಹಳೆಯ ಕ್ಲೇಮುಗಳ ಪಟ್ಟಿ ನೋಡಿ. 19 ಮಾತ್ರ ಇದ್ದರೆ ನಿಟ್ಟುಸಿರು ಬಿಡಬಹುದು. 10ಸಿ ಹಣ ಬಂದಿದ್ದರೆ ಆ ಅವಧಿಯನ್ನು ನೆಚ್ಚಿಕೊಳ್ಳಬೇಡಿ. ಬೇರೆ ಕಂಪನಿಯಲ್ಲಿ ದುಡಿದ, ಬಿಡಿಸಿಕೊಳ್ಳದ ಇಪಿಎಸ್ ಅವಧಿ ಇದೆಯೇ ನೋಡಿ. ಮೇಲಿನ ಲೆಕ್ಕದಲ್ಲಿ ಹನ್ನೆರಡೇ ತಿಂಗಳು ಸಾಕಾಗಿತ್ತು ಎಂಬುದು ನೆನಪಿರಲಿ.

ನನ್ನ ಪಾಸ್‌ಬುಕ್‌ನಲ್ಲಿ ಪಿಂಚಣಿ ಕಾಲಂ ಸೊನ್ನೆ ಇದೆ. ಏಕೆ?

2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿ ಸದಸ್ಯರಾದವರ ಸಂಬಳ 15,000 ರೂಪಾಯಿಗಿಂತ ಹೆಚ್ಚಿದ್ದರೆ ಅವರನ್ನು ಇಪಿಎಸ್‌ಗೆ ಸೇರಿಸುವುದಿಲ್ಲ. ಉದ್ಯೋಗದಾತರ ಇಡೀ ಪಾಲು ಭವಿಷ್ಯ ನಿಧಿಗೇ ಹೋಗುತ್ತದೆ. ಇಂಥವರಿಗೆ ಭಾರತದ ಪಿಂಚಣಿಯ ಪ್ರಶ್ನೆಯೇ ಏಳುವುದಿಲ್ಲ. ಜರ್ಮನಿಗೆ ತಮ್ಮ ಯಾವ ಅವಧಿಯನ್ನು ದೃಢೀಕರಿಸುತ್ತೀರಿ ಎಂದು ಇಪಿಎಫ್‌ಒ ಕಚೇರಿಯಿಂದ ಲಿಖಿತ ಉತ್ತರ ಪಡೆದ ಮೇಲೆಯೇ ಇವರು ಜರ್ಮನಿಯ ಹಣದ ಬಗ್ಗೆ ನಿರ್ಧಾರ ಮಾಡಬೇಕು.

2014ಕ್ಕಿಂತ ಮೊದಲೇ ಸದಸ್ಯರಾಗಿದ್ದವರು 10ಸಿ ಹಣ ಪಡೆದು, ಮತ್ತೆ ಹೆಚ್ಚಿನ ಸಂಬಳಕ್ಕೆ ಕೆಲಸ ಸೇರಿದರೆ ಅವರಿಗೂ ಇದೇ ಸ್ಥಿತಿ ಬರುತ್ತದೆ. ಹಳೆಯ ಸದಸ್ಯತ್ವ ಉಳಿಸಿಕೊಂಡವರಿಗೆ ಈ ತೊಂದರೆ ಇಲ್ಲ.

ಜರ್ಮನಿಯಲ್ಲಿ ಕಟ್ಟಿದ ವಂತಿಗೆಯನ್ನು ಹಿಂದಕ್ಕೆ ಪಡೆಯಬಹುದು ಎನ್ನುತ್ತಾರೆ. ಪಡೆಯಲೇ, ಬಿಡಲೇ?

ನನ್ನ ಬಳಿ ಬರುವವರಲ್ಲಿ ಬಹುಪಾಲು ಜನ ಕೇಳುವುದು ಇದನ್ನೇ. ಸ್ವಲ್ಪ ನಿಧಾನವಾಗಿ ನೋಡೋಣ.

ಕಡ್ಡಾಯ ವಿಮೆಯಿಂದ ಹೊರಬಂದು 24 ತಿಂಗಳು ಕಳೆದ ಮೇಲೆ, ಐರೋಪ್ಯ ಒಕ್ಕೂಟದ ಹೊರಗೆ ನೆಲೆಸಿದ, 60 ತಿಂಗಳು ತುಂಬದ ಭಾರತೀಯರು ವಂತಿಗೆಯ ಮರುಪಾವತಿಗೆ ಅರ್ಜಿ ಹಾಕಬಹುದು. ಮೇಲಿನ ತಂಗಿಗೆ 2024ರ ಜನವರಿಯ ಹೊತ್ತಿಗೆ ಈ ಕಾಯುವ ಅವಧಿ ಮುಗಿದಿತ್ತು. ಅದೇ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ಒಬ್ಬ ಏಜೆಂಟ್ ಫೋನ್ ಮಾಡಿ, "ಮೇಡಂ, ನಿಮ್ಮ ಹಣ ಅಲ್ಲಿ ಸುಮ್ಮನೆ ಬಿದ್ದಿದೆ, ಐದು ವರ್ಷ ಆಗಿಲ್ಲವಾದ್ದರಿಂದ ಪಿಂಚಣಿ ಬರುವುದಿಲ್ಲ, ಕಮಿಷನ್ ಕೊಟ್ಟರೆ ತೆಗೆಸಿಕೊಡುತ್ತೇನೆ" ಎಂದ. ಅವಳು ನನಗೆ ಫೋನ್ ಮಾಡಿ, "ಅಣ್ಣ, ಸಹಿ ಮಾಡಲೇ?" ಎಂದು ಕೇಳಿದಳು. ಏಜೆಂಟ್ ಹೇಳಿದ್ದರಲ್ಲಿ ಮರುಪಾವತಿ ಸಿಗುತ್ತದೆ ಎಂಬುದು ನಿಜ. ಪಿಂಚಣಿ ಬರುವುದಿಲ್ಲ ಎಂಬುದು ಸುಳ್ಳು. ಬೆಂಗಳೂರಿನ 84 ತಿಂಗಳುಗಳನ್ನು ಅವನು ಕೇಳಲೇ ಇಲ್ಲ.

ಸಿಗುವ ಮೊತ್ತ ಎಷ್ಟು? ಪಿಂಚಣಿ ವಂತಿಗೆ ಸಂಬಳದ ಶೇಕಡಾ 18.6. ಅರ್ಧ ನೌಕರರದು, ಅರ್ಧ ಉದ್ಯೋಗದಾತರದು. ಮರುಪಾವತಿಯಲ್ಲಿ ಬರುವುದು ನೌಕರರ ಪಾಲಾದ ಶೇಕಡಾ 9.3 ಮಾತ್ರ, ಬಡ್ಡಿ ಇಲ್ಲ. 3,900 ಯೂರೋಗೆ ತಿಂಗಳಿಗೆ 362.70 ಯೂರೋ, 48 ತಿಂಗಳಿಗೆ ಸುಮಾರು 17,410 ಯೂರೋ. ನಮ್ಮ ಲೆಕ್ಕದಲ್ಲಿ ಹದಿನೇಳು ಲಕ್ಷ ರೂಪಾಯಿಗೂ ಮಿಗಿಲು. ಕೈಗೆ ಬರುವಾಗ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಉದ್ಯೋಗದಾತರು ಕಟ್ಟಿದ ಅಷ್ಟೇ ಮೊತ್ತ ಅಲ್ಲಿಯೇ ಉಳಿಯುತ್ತದೆ. ಹಣ ಪಡೆದ ದಿನ ಅಲ್ಲಿಯವರೆಗಿನ ಎಲ್ಲ ಹಕ್ಕುಗಳೂ ರದ್ದಾಗುತ್ತವೆ. ಮುಂದೆ ಮನಸ್ಸು ಬದಲಾಯಿಸಿ ಹಣ ಹಿಂದಕ್ಕೆ ಕಟ್ಟುತ್ತೇನೆ ಎಂದರೂ ಆ ತಿಂಗಳುಗಳು ಮರಳಿ ಬರುವುದಿಲ್ಲ.

ಪಿಂಚಣಿಯಾದರೆ ತಿಂಗಳಿಗೆ 194 ಯೂರೋ, 67ನೇ ವಯಸ್ಸಿನಿಂದ. 17,410 ಯೂರೋ ತುಂಬಲು ಸುಮಾರು 90 ತಿಂಗಳು, ಏಳೂವರೆ ವರ್ಷ. ಎಪ್ಪತ್ತನಾಲ್ಕೂವರೆ ವಯಸ್ಸು ದಾಟಿದ ಮೇಲೆ ಬರುವುದೆಲ್ಲ ಹೆಚ್ಚುವರಿ. ಇದು 2025ರ ಜುಲೈ ದರದ ಲೆಕ್ಕ. ಜರ್ಮನಿಯಲ್ಲಿ ಅಂಕದ ಬೆಲೆಯನ್ನು ಪ್ರತಿ ಜುಲೈಯಲ್ಲಿ ಸಂಬಳಗಳ ಏರಿಕೆಗೆ ಹೊಂದಿಸಿ ಪರಿಷ್ಕರಿಸುತ್ತಾರೆ. 2024ರ ಜುಲೈಯಲ್ಲಿ 39.32 ಇದ್ದದ್ದು ಮರುವರ್ಷ 40.79 ಆಯಿತು. ಇಂದೇ ಹದಿನೇಳು ಲಕ್ಷ ತೆಗೆದು ಇಲ್ಲಿ ಠೇವಣಿ ಇಟ್ಟರೆ ಮೂವತ್ತು ವರ್ಷದಲ್ಲಿ ಅದೂ ಬೆಳೆಯುತ್ತದೆ, ಇದನ್ನು ಮರೆಮಾಚಬಾರದು. ಬಡ್ಡಿ ಮುಟ್ಟದೆ ಹಾಗೆ ಇಡುವ ಶಿಸ್ತು ಇದ್ದವರಿಗೆ ಬರಿಯ ಹಣದ ಲೆಕ್ಕದಲ್ಲಿ ಮರುಪಾವತಿ ಸೋಲುತ್ತದೆ ಎಂದು ನಾನು ಹೇಳಲಾರೆ. ಆದರೆ ಮನೆ ಕಟ್ಟಲು, ಕಾರು ಕೊಳ್ಳಲು, ತೋಟಕ್ಕೆ ಗೊಬ್ಬರ ಹಾಕಿಸಲು ಕರಗಿಹೋಗುವ ಹಣಕ್ಕೂ, ಬದುಕಿರುವವರೆಗೆ ತಿಂಗಳು ತಿಂಗಳು ಬರುವ ಹಣಕ್ಕೂ ವ್ಯತ್ಯಾಸವಿದೆ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ, ಮೆಣಸಿನ ಬೆಲೆ ಬಿದ್ದ ವರ್ಷವೂ ಬರುವ ಹಣ ಇದು.

ನನ್ನ ಅಭಿಪ್ರಾಯ ಕೇಳಿದರೆ: ಭಾರತದಲ್ಲಿ ಇಪಿಎಸ್ ಅವಧಿ ಇದ್ದು, ಒಟ್ಟು 60 ತಿಂಗಳು ದಾಟುವವರು ಮರುಪಾವತಿಗೆ ಅವಸರ ಮಾಡಬಾರದು. ಅಂಥ ಅವಧಿಯೇ ಇಲ್ಲದವರು, ಮುಂದೆಯೂ ಬರುವ ಸಾಧ್ಯತೆ ಇಲ್ಲದವರು, ಗಂಭೀರ ಕಾಯಿಲೆಯಲ್ಲಿರುವವರು, ಬಡ್ಡಿಸಾಲದಲ್ಲಿ ಸಿಕ್ಕಿಕೊಂಡವರು ಪಡೆದರೆ ತಪ್ಪಲ್ಲ. 24 ತಿಂಗಳು ಮುಗಿದ ಕೂಡಲೇ ಅರ್ಜಿ ಹಾಕದಿದ್ದರೆ ಹಣ ಮುಳುಗಿಹೋಗುತ್ತದೆ ಎಂಬ ಭಯ ಬೇಡ. ನಿವೃತ್ತಿ ವಯಸ್ಸು ತಲುಪಿದಾಗ ಹೊಸ್ತಿಲು ತುಂಬದವರಿಗೂ ಮರುಪಾವತಿ ಇದೆ. ಕಾಯುವುದರಿಂದ ಕಳೆದುಕೊಳ್ಳುವುದು ಕಡಿಮೆ, ಸಹಿ ಮಾಡುವುದರಿಂದ ಕಳೆದುಕೊಳ್ಳುವುದು ಪೂರ್ತಿ. ತಂಗಿಗೆ ನಾನು ಹೇಳಿದ್ದೂ ಇಷ್ಟನ್ನೇ. ಅವಳು ಸಹಿ ಮಾಡಲಿಲ್ಲ.

ಜರ್ಮನಿಯಿಂದ ನನಗೆ ಪಿಂಚಣಿಯ ಪತ್ರವೇ ಬಂದಿಲ್ಲ. ನನ್ನ ಹೆಸರಿನಲ್ಲಿ ಏನೂ ಇಲ್ಲವೆಂದು ಅರ್ಥವೇ?

ಅಲ್ಲ. ಅಲ್ಲಿ ಪ್ರತಿ ವರ್ಷ ಕಳುಹಿಸುವ ಪಿಂಚಣಿ ಮಾಹಿತಿ ಪತ್ರ 27 ವರ್ಷ ದಾಟಿದ, ಕನಿಷ್ಠ ಐದು ವರ್ಷದ ವಂತಿಗೆ ಇರುವವರಿಗೆ ಮಾತ್ರ. ನಾಲ್ಕು ವರ್ಷದವರಿಗೆ ಆ ಪತ್ರ ಬರುವುದೇ ಇಲ್ಲ. ಪತ್ರ ಬರದ್ದನ್ನು ಕಂಡು ಹಕ್ಕೂ ಇಲ್ಲವೆಂದು ನಂಬಿ ಮರುಪಾವತಿಗೆ ಹೋದವರಿದ್ದಾರೆ.

ನಿಮ್ಮ ವಿಮಾ ಇತಿಹಾಸವನ್ನು ನೀವೇ ಕೇಳಿ ಪಡೆಯಬೇಕು. ಜರ್ಮನ್ ಪಿಂಚಣಿ ವಿಮಾ ಸಂಸ್ಥೆಯ ಹೆಸರು `Deutsche Rentenversicherung`. ಖಾತೆಯನ್ನು ಪರಿಶೀಲಿಸಿ ಸರಿಪಡಿಸಲು ಅವರ `V0100` ನಮೂನೆ ಇದೆ. ಅದಕ್ಕೆ ಶುಲ್ಕವಿಲ್ಲ. ಬಂದ ಪಟ್ಟಿಯಲ್ಲಿ ಪ್ರತಿ ತಿಂಗಳನ್ನೂ ಸಂಬಳದ ಚೀಟಿಗಳೊಂದಿಗೆ ಹೋಲಿಸಿ. ಅಲ್ಲಿ ಓದುತ್ತಿದ್ದಾಗ ಅರೆಕಾಲಿಕ ವಿದ್ಯಾರ್ಥಿ ಕೆಲಸ ಮಾಡಿ ಪಿಂಚಣಿ ವಂತಿಗೆ ಕಡಿತವಾಗಿದ್ದರೆ ಆ ತಿಂಗಳುಗಳೂ ಅದರಲ್ಲಿರಬೇಕು. ಹಲವರು ಇದನ್ನು ಮರೆತಿರುತ್ತಾರೆ, ಅಷ್ಟರಿಂದಲೇ 60 ತುಂಬುವುದೂ ಉಂಟು.

ಇನ್ನೊಂದು ಮುಖ್ಯ ಸಂಗತಿ ತಾಯಂದಿರಿಗೆ. ಜರ್ಮನಿಯಲ್ಲಿ ಮಗುವನ್ನು ಸಾಕಿದ ಅವಧಿಗೆ ಸರ್ಕಾರವೇ ವಂತಿಗೆ ಕಟ್ಟಿದಂತೆ ಲೆಕ್ಕ ಹಿಡಿಯುತ್ತಾರೆ. 1992ರ ನಂತರ ಹುಟ್ಟಿದ ಮಗುವಾದರೆ ಹುಟ್ಟಿದ ಮುಂದಿನ ತಿಂಗಳಿನಿಂದ 36 ತಿಂಗಳವರೆಗೆ, ವರ್ಷಕ್ಕೆ ಸರಿಸುಮಾರು ಒಂದು ಅಂಕ. ಎಷ್ಟು ತಿಂಗಳು ಮಗು ಅಲ್ಲಿ ಬೆಳೆಯಿತೋ ಅಷ್ಟು. ಇದು ತಾನಾಗಿ ದಾಖಲಾಗುವುದಿಲ್ಲ, ಅರ್ಜಿ ಹಾಕಬೇಕು. ಮಗುವಿನ ಜನನ ಪ್ರಮಾಣಪತ್ರ ಮತ್ತು ಅಲ್ಲಿಯ ವಾಸದ ನೋಂದಣಿ ಚೀಟಿಯನ್ನು ಎಸೆಯಬೇಡಿ.

ಇಪಿಎಫ್‌ಒ ದಾಖಲೆಯಲ್ಲಿ ಏನನ್ನು ಸರಿಪಡಿಸಿಕೊಳ್ಳಬೇಕು?

ಎರಡು ದೇಶಗಳ ನಡುವೆ ಅವಧಿಯನ್ನು ದೃಢೀಕರಿಸುವ ಕಾಗದ ಓಡಾಡುವುದು ಸಂಸ್ಥೆಯಿಂದ ಸಂಸ್ಥೆಗೆ. ಜರ್ಮನಿಯವರು ಕೇಳುತ್ತಾರೆ, ಇಪಿಎಫ್‌ಒ ಉತ್ತರಿಸುತ್ತದೆ. ನೀವು ತೋರಿಸುವ ಹಳೆಯ ಅನುಭವ ಪತ್ರ, ನೇಮಕಾತಿ ಪತ್ರಗಳು ಸಹಾಯಕ ದಾಖಲೆಗಳು ಅಷ್ಟೇ. ಆದ್ದರಿಂದ ಇಪಿಎಫ್‌ಒ ಕಂಪ್ಯೂಟರಿನಲ್ಲಿ ಇಲ್ಲದ ಅವಧಿ ಜರ್ಮನಿಯ ಕಣ್ಣಿಗೂ ಇಲ್ಲ.

ನಾನು ಹೆಚ್ಚಾಗಿ ಕಂಡ ತಪ್ಪುಗಳು ಮೂರು. ಮೊದಲನೆಯದು, ಕೆಲಸ ಬಿಟ್ಟ ದಿನಾಂಕವನ್ನು ಹಳೆಯ ಕಂಪನಿ ನಮೂದಿಸದೇ ಇರುವುದು. ಎರಡನೆಯದು, ಮೂರು ಕಂಪನಿಗಳ ಮೂರು ಸದಸ್ಯ ಸಂಖ್ಯೆಗಳು ಒಂದೇ ಯುಎಎನ್ ಅಡಿ ಸೇರದೆ ಬಿಡಿಬಿಡಿಯಾಗಿ ಉಳಿದಿರುವುದು. ಮೂರನೆಯದು ಹೆಸರು, ಮತ್ತು ನಮ್ಮ ಕಡೆಯವರಿಗೆ ಇದೇ ದೊಡ್ಡ ತಲೆನೋವು. ಶಾಲಾ ದಾಖಲೆಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್, ಆಧಾರ್‌ನಲ್ಲಿ ಬರಿಯ ಹೆಸರು, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೇ ಉಪನಾಮ. ಜರ್ಮನಿಯ ವಿಮಾ ಸಂಖ್ಯೆಯಲ್ಲಿ ಹುಟ್ಟಿದ ದಿನಾಂಕದ ಆರು ಅಂಕೆಗಳೂ ಹುಟ್ಟಿನ ಉಪನಾಮದ ಮೊದಲ ಅಕ್ಷರವೂ ಸೇರಿಕೊಂಡಿರುತ್ತವೆ. ಅಲ್ಲಿ ಊರಿನ ಹೆಸರಿನಿಂದ, ಇಲ್ಲಿ ಸ್ವಂತ ಹೆಸರಿನಿಂದ ದಾಖಲಾದವರು ಒಬ್ಬರೇ ಎಂದು ಇಬ್ಬರು ಗುಮಾಸ್ತರು ದೂರದ ಊರುಗಳಲ್ಲಿ ಕುಳಿತು ನಂಬಬೇಕು. ಮದುವೆಯ ನಂತರ ಹೆಸರು ಬದಲಾದವರಿಗೆ ಇನ್ನೂ ಕಷ್ಟ. ಯುಎಎನ್‌ನಲ್ಲಿರುವ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಆಧಾರ್ ಮತ್ತು ಪಾಸ್‌ಪೋರ್ಟ್ ಎರಡಕ್ಕೂ ಹೊಂದುವಂತೆ ಈಗಲೇ ಮಾಡಿಸಿ. ಜರ್ಮನಿಯ ದಾಖಲೆಯಲ್ಲಿ ಉಳಿಯುವ ವ್ಯತ್ಯಾಸಕ್ಕೆ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಹಳೆಯ ಕಂಪನಿ ಇನ್ನೂ ಬಾಗಿಲು ಮುಚ್ಚಿಲ್ಲದಿರುವಾಗ ಈ ಕೆಲಸ ಆಗುತ್ತದೆ. ಮುಚ್ಚಿದ ಮೇಲೆ ವರ್ಷಗಟ್ಟಲೆ ಎಳೆಯುತ್ತದೆ.

ಚಿಕ್ಕಮಗಳೂರಿನಲ್ಲಿ ಇಪಿಎಫ್‌ಒ ಪ್ರಾದೇಶಿಕ ಕಚೇರಿ ಇದೆ. ವಿಚಾರಿಸಲು, ದೂರು ಕೊಡಲು ಅಲ್ಲಿಗೆ ಹೋಗಬಹುದು. ಆದರೆ ನಿಮ್ಮ ಕಂಪನಿ ಬೆಂಗಳೂರಿನದಾಗಿದ್ದರೆ ಖಾತೆ ಇರುವುದು ಬೆಂಗಳೂರಿನ ಆ ವಲಯದ ಕಚೇರಿಯಲ್ಲಿ. ದಾಖಲೆ ತಿದ್ದುವ ಅಧಿಕಾರ ಅವರದು.

ಕಂಪನಿಯೇ ನನ್ನನ್ನು ಬೆಂಗಳೂರಿನಿಂದ ಜರ್ಮನಿಗೆ ಕಳುಹಿಸಿತ್ತು. ನನಗೂ ಇದೆಲ್ಲ ಅನ್ವಯವೇ?

ಇಪಿಎಫ್‌ಒ ಕೊಟ್ಟ ವ್ಯಾಪ್ತಿ ಪ್ರಮಾಣಪತ್ರದೊಂದಿಗೆ ಹೋಗಿದ್ದರೆ ನಿಮ್ಮ ವಂತಿಗೆ ಆ ಕಾಲದಲ್ಲೂ ಭಾರತದಲ್ಲೇ ಕಟ್ಟಲ್ಪಟ್ಟಿದೆ. ಜರ್ಮನಿಯಲ್ಲಿ ಪಿಂಚಣಿ ಖಾತೆಯೇ ತೆರೆದಿರುವುದಿಲ್ಲ. ಹಾಗಾಗಿ ಒಟ್ಟುಗೂಡಿಸಲು ಏನೂ ಇಲ್ಲ, ಆ ವರ್ಷಗಳು ಇಲ್ಲಿಯ ಸೇವೆಯಲ್ಲೇ ಸೇರಿವೆ. ಸಂಬಳದ ಚೀಟಿಯಲ್ಲಿ ಜರ್ಮನ್ ಪಿಂಚಣಿ ಕಡಿತ ಇತ್ತೇ ಎಂದು ನೋಡಿದರೆ ಗೊತ್ತಾಗುತ್ತದೆ.

ಅರ್ಜಿ ಯಾವಾಗ, ಎಲ್ಲಿ ಹಾಕಬೇಕು?

ಎರಡು ಪಿಂಚಣಿಗಳು ಬೇರೆ ಬೇರೆ ವಯಸ್ಸಿನಲ್ಲಿ ಶುರುವಾಗುತ್ತವೆ. ಇಪಿಎಸ್ 58ಕ್ಕೆ. ತಂಗಿಗೆ ಅದು 2045ರ ಫೆಬ್ರವರಿ. ಜರ್ಮನಿಯಲ್ಲಿ 1964 ಮತ್ತು ಆಮೇಲೆ ಹುಟ್ಟಿದವರಿಗೆ 67. ಅವಳಿಗೆ 67 ತುಂಬುವುದು 2054ರ ಫೆಬ್ರವರಿಯಲ್ಲಿ, ಪಿಂಚಣಿ ಮಾರ್ಚ್ 1ರಿಂದ. ನಡುವೆ ಒಂಬತ್ತು ವರ್ಷದ ಅಂತರ. ಇಪಿಎಸ್ ಬಂದ ಕೂಡಲೇ ಕಡತ ಮುಚ್ಚಿಟ್ಟು ಜರ್ಮನಿಯನ್ನು ಮರೆತುಬಿಡುವ ಅಪಾಯ ಇರುವುದು ಇಲ್ಲಿ.

ಜರ್ಮನಿಯ ಪಿಂಚಣಿ ಅರ್ಜಿ ಹಾಕದೆ ಬರುವುದಿಲ್ಲ. ಅರ್ಹತೆ ಪೂರ್ತಿಯಾದ ತಿಂಗಳ ನಂತರದ ಮೂರನೇ ತಿಂಗಳ ಕೊನೆಯೊಳಗೆ ಅರ್ಜಿ ಸೇರಿದರೆ ಮೊದಲಿನಿಂದಲೇ ಕೊಡುತ್ತಾರೆ. ಅವಳ ಲೆಕ್ಕದಲ್ಲಿ 2054ರ ಮೇ 31. ಆ ನಂತರ ಹಾಕಿದರೆ ಅರ್ಜಿ ಹಾಕಿದ ತಿಂಗಳಿನಿಂದ ಮಾತ್ರ. ತಡವಾಗಿ ಆರಂಭಿಸಿದ ಪ್ರತಿ ತಿಂಗಳಿಗೆ ಪಿಂಚಣಿ ಶೇಕಡಾ 0.5ರಷ್ಟು ಹೆಚ್ಚುತ್ತದೆಯಾದ್ದರಿಂದ ಪೂರ್ತಿ ನಷ್ಟವಲ್ಲ. ಆದರೆ ಹಿಂದಿನ ತಿಂಗಳುಗಳ ಬಾಕಿ ಬರುವುದಿಲ್ಲ.

ವೃದ್ಧಾಪ್ಯ ಪಿಂಚಣಿಯ ನಮೂನೆ `R0100`. ಅರ್ಜಿಯನ್ನು ನೇರವಾಗಿ ಜರ್ಮನಿಗೆ ಕಳುಹಿಸಬಹುದು, ಇಲ್ಲಿಯೇ ಇಪಿಎಫ್‌ಒ ಮೂಲಕವೂ ಕೊಡಬಹುದು. ಒಂದು ದೇಶದ ಸಂಸ್ಥೆಗೆ ಕೊಟ್ಟ ದಿನವೇ ಇನ್ನೊಂದು ದೇಶಕ್ಕೂ ಕೊಟ್ಟಂತೆ ಎಂದು ಒಪ್ಪಂದ ಪರಿಗಣಿಸುತ್ತದೆ. ಇಲ್ಲಿ ಕೊಡುವಾಗ ಜರ್ಮನಿಯಲ್ಲೂ ದುಡಿದಿದ್ದೇನೆ ಎಂದು ಸ್ಪಷ್ಟವಾಗಿ ಬರೆಯಿರಿ, ವಿಮಾ ಸಂಖ್ಯೆ ನಮೂದಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆ ದಿನಾಂಕವೇ ಮುಂದೆ ನಿಮಗೆ ಸಾಕ್ಷಿ.

ಹಾಸನದಲ್ಲಿದ್ದುಕೊಂಡು ಜರ್ಮನಿಯ ಪಿಂಚಣಿ ಪಡೆಯಬಹುದೇ? ಕಡಿತ ಉಂಟೇ?

ಪಡೆಯಬಹುದು. ಭಾರತದಲ್ಲಿ ವಾಸವಿದ್ದೀರಿ ಎಂಬ ಕಾರಣಕ್ಕೆ ಪಿಂಚಣಿಯನ್ನು ತಗ್ಗಿಸುವುದಿಲ್ಲ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಅದು ತಲುಪದಿದ್ದರೆ ಪಾವತಿ ನಿಲ್ಲುತ್ತದೆ. ವಿಳಾಸ ಬದಲಾದಾಗ ತಿಳಿಸದೇ ಹೋಗುವುದೇ ಇದಕ್ಕೆ ಸಾಮಾನ್ಯ ಕಾರಣ.

ನಾನು ಸತ್ತರೆ ಮನೆಯವರಿಗೆ ಏನಾದರೂ ಸಿಗುತ್ತದೆಯೇ?

ಒಪ್ಪಂದ ಅವಲಂಬಿತರ ಪಿಂಚಣಿಯನ್ನೂ ಒಳಗೊಂಡಿದೆ. ಅದರ ಹೊಸ್ತಿಲು ದಾಟಲೂ ಎರಡೂ ದೇಶಗಳ ತಿಂಗಳು ಸೇರುತ್ತವೆ. ಮರುಪಾವತಿ ಪಡೆದಿದ್ದರೆ ಇದೂ ಇಲ್ಲ. ಆದ್ದರಿಂದ ಮನೆಯವರಿಗೆ ಜರ್ಮನಿಯ ವಿಮಾ ಸಂಖ್ಯೆ ಎಲ್ಲಿದೆ ಎಂದು ಹೇಳಿಡಿ. ಕಪಾಟಿನಲ್ಲಿ ಪಹಣಿ, ತೋಟದ ಪತ್ರಗಳ ಜೊತೆಗೇ ಅದರ ಒಂದು ಪ್ರತಿ ಇರಲಿ.

ಕೊಲ್ಲಿ ದೇಶದಲ್ಲಿ, ಅಮೆರಿಕದಲ್ಲಿ ದುಡಿದವರಿಗೂ ಹೀಗೆ ಉಂಟೇ?

ಸೌದಿ, ಯುಎಇ, ಕತಾರ್, ಕುವೈತ್‌ಗಳೊಡನೆ ಭಾರತಕ್ಕೆ ಅವಧಿ ಒಟ್ಟುಗೂಡಿಸುವ ಒಪ್ಪಂದ ಇಲ್ಲ. ಅಮೆರಿಕದೊಡನೆಯೂ ಇಲ್ಲ. ಅಲ್ಲಿ ಪಿಂಚಣಿಗೆ 40 ತ್ರೈಮಾಸಿಕಗಳ ಲೆಕ್ಕ, ಅಂದರೆ ಸುಮಾರು ಹತ್ತು ವರ್ಷ, ಅಲ್ಲಿಯೇ ತುಂಬಬೇಕು. ಭಾರತದ ವರ್ಷಗಳು ಅದಕ್ಕೆ ಸೇರುವುದಿಲ್ಲ. ಕೆನಡಾ, ಆಸ್ಟ್ರೇಲಿಯಾ, ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಜಪಾನ್, ದಕ್ಷಿಣ ಕೊರಿಯಾಗಳೊಡನೆ ಒಪ್ಪಂದಗಳು ಜಾರಿಯಲ್ಲಿವೆ. ಆದರೆ ಒಂದೊಂದರ ನಿಯಮವೂ ಬೇರೆ. ಇಲ್ಲಿಯ 60 ತಿಂಗಳು, 24 ತಿಂಗಳ ಲೆಕ್ಕವನ್ನು ಅವಕ್ಕೆ ಹಚ್ಚಬೇಡಿ.

ಏಜೆಂಟ್‌ಗೆ ಹಣ ಕೊಟ್ಟು ಮರುಪಾವತಿ ಅರ್ಜಿಗೆ ಸಹಿ ಮಾಡಿಬಿಟ್ಟಿದ್ದೇನೆ. ಇನ್ನೂ ಹಣ ಬಂದಿಲ್ಲ. ತಡೆಯಬಹುದೇ?

ಒಂದು ದಿನವನ್ನೂ ಕಳೆಯಬೇಡಿ. ಅರ್ಜಿ ಹಿಂತೆಗೆದುಕೊಳ್ಳುತ್ತೇನೆ ಎಂದು ವಿಮಾ ಸಂಖ್ಯೆ, ಪಾಸ್‌ಪೋರ್ಟಿನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಬರೆದು, ಸಹಿ ಮಾಡಿ, ಜರ್ಮನ್ ಪಿಂಚಣಿ ಸಂಸ್ಥೆಗೆ ನೀವೇ ನೇರವಾಗಿ ಕಳುಹಿಸಿ. ಏಜೆಂಟ್‌ಗೆ ಕೊಟ್ಟ ಅಧಿಕಾರ ಪತ್ರವನ್ನು ರದ್ದು ಮಾಡಿದ್ದೇನೆ ಎಂದೂ ಅದರಲ್ಲೇ ಸೇರಿಸಿ. ಫ್ಯಾಕ್ಸ್ ಮತ್ತು ನೋಂದಾಯಿತ ಅಂಚೆ ಎರಡರಲ್ಲೂ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಮರುಪಾವತಿಯ ಆದೇಶ ಹೊರಟು ಹಣ ಕೈಸೇರಿದರೆ ಆ 48 ತಿಂಗಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.